ವೆರ್ನಾಳ ಕೈಪಟ್ಟಿ

ವೆರ್ನಾ ಟಾಲೆಫ್ಸನ್ ಮಾರ್ಚ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಚರ್ಚಿನಲ್ಲಿ ಪಾದ್ರಿ, "ಆಕೆ ತನ್ನ ಓಟ ಮುಗಿಸಿದಳು" ಎಂದರು. ನಾನು ಎದ್ದು ಹೊರಗೆ ಬಂದೆ. ಅವಳು ಮುಗಿಸಿರಲಿಲ್ಲ.

ಕೊಲರಾಡೋದ ನಮ್ಮ ಊರಿನಲ್ಲಿ ಅವಳು ಶಾಲಾ ಬಸ್ಸಿನ ಚಾಲಕಿ. ಐವತ್ತರಲ್ಲಿ ಮೊದಲ ಸಲ ನೂರು ಮೈಲಿಯ ಬೆಟ್ಟದೋಟಕ್ಕಿಳಿದಳು. ಅರವತ್ತನೆಯ ಮೈಲಿಯ ಡೇರೆಯಲ್ಲಿ ಹೊಟ್ಟೆ ತೊಳಸಿ, ನಡುಗುತ್ತಾ, ಕೈಪಟ್ಟಿ ಕತ್ತರಿಸಿಕೊಂಡಳು. ಪಟ್ಟಿ ಕತ್ತರಿಸಿದರೆ ಆ ಓಟದಲ್ಲಿ ಮತ್ತೆ ಓಡುವ ಹಾಗಿಲ್ಲ. ಅವಳ ಗೆಳತಿ ನಾನು ಅಲ್ಲೇ ಸಾರು ಬಡಿಸುತ್ತಿದ್ದೆ. ಒಂದು ಬಟ್ಟಲು ಸಾರು ಕುಡಿದು ಅರ್ಧ ಗಂಟೆ ಕಂಬಳಿ ಹೊದ್ದು ಕೂತ ಮೇಲೆ ಎಲ್ಲ ಸರಿಹೋಯಿತು. ಇನ್ನಷ್ಟು ಹೊತ್ತು ಕಾದಿದ್ದರೆ ಓಡಬಹುದಿತ್ತು ಎಂಬುದೇ ಅವಳನ್ನು ಕೊರೆದದ್ದು. ಆ ಚಳಿಗಾಲವಿಡೀ ಓಟದ ಬೂಟು ಮುಟ್ಟಲಿಲ್ಲ.

"ಮುಂದಿನ ಸಲ ನಾನು ಅತ್ತರೂ ಓಟ ನಿಲ್ಲಿಸೋಕೆ ಬಿಡಬೇಡ ಕಣೇ. ಆಣೆ ಮಾಡು" ಎಂದಳು.

ಮಾಡಿದೆ.

ಎರಡನೆಯ ವರ್ಷ, ಅದೇ ಡೇರೆ, ಮಧ್ಯಾಹ್ನದ ಬಿಸಿಲು. ಕುಂಟುತ್ತಾ ಬಂದು ಕುರ್ಚಿಗೆ ಬಿದ್ದಳು.

"ತೊಡೆಸಂದು ನೋಯ್ತಿದೆ, ಇಂಗ್ರಿಡ್. ಇದು ಬೇರೆ ಥರ."

"ಹೋದ ವರ್ಷಾನೂ ಹೀಗೇ ಅಂದೆ. ಸಾರು ಕುಡಿ."

ಕುಡಿದಳು. ಅರ್ಧ ಗಂಟೆ ಕೂತಳು. ಮುಖಕ್ಕೆ ಬಣ್ಣ ಬಂತು, ತಮಾಷೆಯೂ ಮಾಡಿದಳು: "ನಿನ್ನ ಸಾರಿಗಿಂತ ನೋವೇ ವಾಸಿ." ಎದ್ದು ನಿಂತಾಗ ಮಾತ್ರ ಅದೇ ಜಾಗದಲ್ಲಿ ಚುಚ್ಚಿ ಕುರ್ಚಿ ಹಿಡಿದಳು. ಹಸಿವು, ಸುಸ್ತು, ಅಳು ಎಲ್ಲ ಇಳಿದಿತ್ತು. ಅದೊಂದು ಇಳಿದಿರಲಿಲ್ಲ. ಅದನ್ನೇ ನಾನು ನೋಡಬೇಕಿತ್ತು.

"ಕತ್ತರಿಸಿಬಿಡ್ಲಾ?" ಎಂದು ಕೈ ಚಾಚಿದಳು.

"ಆಣೆ ಮಾಡಿಸ್ಕೊಂಡವಳು ನೀನೇ. ನಡಿ!"

ಎರಡು ಮೈಲಿ ದಾಟಿದ ಮೇಲೆ, ಸೊಂಟಕ್ಕೆ ಸೇರುವಲ್ಲಿ ತೊಡೆಮೂಳೆ ಮುರಿಯಿತು. ಬಹಳ ದಿನಗಳಿಂದ ಅಲ್ಲೊಂದು ಸಣ್ಣ ಬಿರುಕಿತ್ತಂತೆ. ಮೂರು ಸ್ಕ್ರೂ ಹಾಕಿದರು. ಮತ್ತೆಂದೂ ಓಡಲಿಲ್ಲ.

ಆಸ್ಪತ್ರೆಯಲ್ಲಿ ಕ್ಷಮೆ ಕೇಳಿದೆ. ಅವಳು ಗೋಡೆ ನೋಡುತ್ತಾ ಹೇಳಿದಳು: "ನೀನು ಮಾತು ತಪ್ಪಿದ್ರೆ ಬೈದು ಮರೆತಿರ್ತಿದ್ದೆ. ಉಳಿಸ್ಕೊಂಡೆಯಲ್ಲ, ಏನು ಬೈಲಿ?"

ವರ್ಷವಿಡೀ ಬೆಟ್ಟದ ಕಡೆಯ ಕಿಟಕಿಗೆ ಪರದೆ ಎಳೆದಿದ್ದಳು. ಮುಂದಿನ ಬೇಸಿಗೆ ಊರುಗೋಲಿನೊಡನೆ ಡೇರೆಗೆ ಬಂದು, ಪಟ್ಟಿ ಕತ್ತರಿಸುವ ಕತ್ತರಿ ಕೇಳಿ ಪಡೆದಳು. ಅಳುತ್ತಾ ಬಂದವರಿಗೆಲ್ಲ ಮೊದಲು ಸಾರು, ಆಮೇಲೆ ಅರ್ಧ ಗಂಟೆ, ಆಮೇಲೆ ಪ್ರಶ್ನೆ: "ಎಲ್ಲಿ ನೋವು? ಬೆರಳಿಟ್ಟು ತೋರಿಸು. ಒಂದೇ ಕಡೆನಾ? ಕಾಲೂರಿದಾಗೆಲ್ಲ ಹೆಚ್ಚಾಗುತ್ತಾ?" ಹೌದೆಂದವರ ಪಟ್ಟಿ ಕತ್ತರಿಸುತ್ತಿದ್ದಳು. ಉಳಿದವರನ್ನು ಬೈದು ಮತ್ತೆ ಓಟಕ್ಕೆ ಅಟ್ಟುತ್ತಿದ್ದಳು. ಆರು ವರ್ಷ ಪಕ್ಕದಲ್ಲೇ ಸಾರು ಬಡಿಸಿದೆ. ನನ್ನ ಕೈಗೆ ಒಮ್ಮೆಯೂ ಕತ್ತರಿ ಕೊಡಲಿಲ್ಲ.

ಈ ಬೇಸಿಗೆ ಆ ಕತ್ತರಿ ನನಗೆ ಬಂತು. ಒಬ್ಬ ಗಡ್ಡದವನು ಸಾರು ಕುಡಿದು, ಅರ್ಧ ಗಂಟೆ ಕೂತು, ಮೊಳಕಾಲ ಕೆಳಗೆ ಒಂದೇ ಕಡೆ ಬೆರಳಿಟ್ಟ. ಅವನ ಹೆಂಡತಿ ಹೇಳಿದಳು: "ಓಟ ನಿಲ್ಲಿಸೋಕೆ ಬಿಡಬಾರದು ಅಂತ ನನ್ನ ಹತ್ರ ಮಾತು ತಗೊಂಡಿದಾನೆ."

"ಆ ಮಾತು ಮುರಿದುಬಿಡಮ್ಮ" ಎಂದೆ, ಪಟ್ಟಿ ಕತ್ತರಿಸಿದೆ. ಅವನು ನನ್ನನ್ನು ದ್ವೇಷದಿಂದ ನೋಡಿದ.

ಅವತ್ತು ಈ ಡೇರೆಯಲ್ಲಿ ವೆರ್ನಾ ನನ್ನನ್ನು ಹಾಗೆ ನೋಡಿದ್ದರೆ ಸಾಕಿತ್ತು.