ಮೂರೂಕಾಲಿನ ಗಾಲಿ

ಬೆಂಗೇರಿಯ ಹಾದಿಯಲ್ಲಿ ಅಬ್ದುಲಗನಿಯವರ ಕಾರ್ಖಾನೆ ಎಂದರೆ ಒಂದು ತಗಡಿನ ಛಾವಣಿ, ಎರಡು ಲೇಥು, ಒಂದು ಜರ್ಮನ್ ಮಿಲ್ಲಿಂಗ್ ಮಷೀನು. ಆ ಜರ್ಮನ್ ಮಷೀನಿನ ಮುಂದೆ ಹತ್ತು ವರ್ಷ ನಿಂತವನು ಮೌಲಾಲಿ ಮಿಸ್ತ್ರಿ. ಹುಬ್ಬಳ್ಳಿಯಲ್ಲಿ ಮಿಸ್ತ್ರಿಗಳಿಗೇನು ಬರವಿರಲಿಲ್ಲ, ಕಲ್ಲೊಗೆದರೆ ಒಬ್ಬ ಮಿಸ್ತ್ರಿಯ ತಲೆಗೆ ಬೀಳುತ್ತಿತ್ತು. ಆದರೆ ಗಾಲಿಗೆ ಹಲ್ಲು ಕೊರೆಯುವ ಕೆಲಸಕ್ಕೆ ಮೌಲಾಲಿಯ ಹೆಸರೇ ಮೊದಲು ಬರುತ್ತಿತ್ತು. ಮಾತು ಕಡಿಮೆ, ಕೈ ಸಾವಕಾಶ. ಅವಸರ ಮಾಡುವ ಗಿರಾಕಿಗೆ ಚಹಾ ಕುಡಿಸಿ ಕೂರಿಸುತ್ತಿದ್ದನೇ ಹೊರತು ಕೈ ಬೀಸು ಹೆಚ್ಚಿಸುತ್ತಿರಲಿಲ್ಲ. ಇಂಥ ಮನುಷ್ಯ ತನ್ನ ಬದುಕಿನಲ್ಲಿ ಒಂದೇ ಒಂದು ಸಲ ಅವಸರ ಮಾಡಿದ. ಆ ಒಂದು ಸಲದ ಕತೆ ಇದು.

ಅವನಿಗೆ ವಿದ್ಯೆ ಕೊಟ್ಟವನು ಮುಂಬಯಿಯಲ್ಲಿ ದುಡಿದು ಬಂದಿದ್ದ ಗುಲಾಬಸಾಬ ಉಸ್ತಾದ. ಸಾಲಿ ಕಲಿಯದ ಮೌಲಾಲಿಗೆ ಉಸ್ತಾದ ಲೆಕ್ಕವನ್ನು ಕೈಯಿಂದಲೇ ಕಲಿಸಿದ್ದ. ವಿಲಾಯತಿಯವರು ಗಾಲಿಯ ಹಲ್ಲನ್ನು ಇಂಚಿನಲ್ಲಿ ಹೇಳುತ್ತಾರೆ. ಅವರ ಪುಸ್ತಕದಲ್ಲಿ ಪಿಚ್ಚು ಎಂಟು ಎಂದಿದ್ದರೆ, ಎರಡು ಗಾಲಿಗಳು ಕೂಡುವ ವರ್ತುಲದ ಅಡ್ಡಳತೆಯಲ್ಲಿ ಒಂದೊಂದು ಇಂಚಿಗೆ ಎಂಟು ಹಲ್ಲು ಎಂದರ್ಥ. ಅಂಕಿ ಹೆಚ್ಚಿದಷ್ಟೂ ಹಲ್ಲು ಸಣ್ಣದು. ಜರ್ಮನಿಯವರದು ತಿರುವುಮುರುವು. ಅವರು ಒಂದು ಹಲ್ಲಿನ ಪಾಲಿಗೆ ಎಷ್ಟು ಮಿಲಿಮೀಟರು ಅಡ್ಡಳತೆ ಬರುತ್ತದೆಂದು ಹೇಳುತ್ತಾರೆ, ಅದಕ್ಕೆ ಮಾಡ್ಯೂಲು ಎನ್ನುತ್ತಾರೆ. ಅಲ್ಲಿ ಅಂಕಿ ಹೆಚ್ಚಿದರೆ ಹಲ್ಲೂ ದೊಡ್ಡದು. ಒಂದರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ಇಪ್ಪತ್ತೈದು ಪಾಯಿಂಟ್ ನಾಲ್ಕನ್ನು ಪಿಚ್ಚಿನಿಂದ ಭಾಗಿಸಬೇಕು, ಅಷ್ಟೆ.

ಉಸ್ತಾದನ ಮಾತು ಎರಡಿದ್ದವು. ಹಲ್ಲು ಕೊರೆಯುವ ಕಟರಿನ ಅಂಕಿ ಯಾವುದೋ ಅದೇ ಅಂಕಿಯ ಲೆಕ್ಕದಲ್ಲಿ ಗಾಲಿಯ ಮೈಯನ್ನು ಲೇಥಿನಲ್ಲಿ ತಿರುವಬೇಕು. ಮತ್ತೆ, ಅಂಕಿ ತುಸು ಆಚೀಚೆ ಆದಾಗ ಎರಡೂ ಗಾಲಿಗಳನ್ನು ಹೊಸದಾಗಿ ಕೊರೆಯಬೇಕು, ಹೊಸದನ್ನು ಹಳೆಯದಕ್ಕೆ ಕೂಡಿಸಬಾರದು. "ಗಾಲಿ ಅಂದ್ರ ಗಂಡಹೆಂಡ್ತಿ ಇದ್ದಂಗ. ಇಬ್ಬರದೂ ಲೆಕ್ಕ ಒಂದ ಇರಬೇಕು" ಎನ್ನುತ್ತಿದ್ದ ಮುದುಕ.

ಸಾವಿರದೊಂಬೈನೂರಾ ನಲವತ್ಮೂರರ ಹತ್ತಿಯ ಸುಗ್ಗಿ. ಯುದ್ಧ ನಡೆದಿತ್ತು. ವಿಲಾಯತಿಯಿಂದ ಒಂದು ಮೊಳೆಯೂ ಬರುತ್ತಿರಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಹುಲಗಪ್ಪ ಗೋಣಿಚೀಲ ಹೊತ್ತು ಕಾರ್ಖಾನೆಗೆ ಬಂದ. ಹುಲಗಪ್ಪ ಗಬ್ಬೂರ ಕಡೆಯ ಒಂದು ಹತ್ತಿ ಗಿರಣಿಯ ಫಿಟ್ಟರು, ಮೌಲಾಲಿಯ ಓಣಿಯವನು, ಚಡ್ಡಿ ದೋಸ್ತ. ಇಬ್ಬರ ಮನೆಯ ನಡುವೆ ಒಂದೇ ಗೋಡೆ. ಈದಿನ ಸುರಕುಂಬಾ ಆ ಗೋಡೆ ದಾಟುತ್ತಿತ್ತು, ದೀಪಾವಳಿಯ ಕರಜೀಕಾಯಿ ಈ ಕಡೆ ಬರುತ್ತಿತ್ತು.

ಚೀಲದಲ್ಲಿ ಒಡೆದ ಬೀಡುಕಬ್ಬಿಣದ ಗಾಲಿ, ಜೊತೆಗೆ ಎಣ್ಣೆ ಹತ್ತಿದ ವಿಲಾಯತಿ ಪುಸ್ತಕದ ಒಂದು ಹಾಳೆ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಮಷೀನುಗಳಿಗೆ ಹತ್ತಿ ಒಯ್ಯುವ ಪಟ್ಟೆಯನ್ನು ಓಡಿಸುವ ಗಾಲಿ ಅದು. ಅದು ನಿಂತರೆ ಇಡೀ ಸಾಲು ನಿಲ್ಲುತ್ತದೆ. ಮೌಲಾಲಿ ಹಾಳೆಯ ಅಕ್ಷರ ಓದಲಾರ, ಅಂಕಿ ಓದಬಲ್ಲ. ಪಿಚ್ಚು ಎಂಟು, ಹಲ್ಲು ನಲವತ್ತೆಂಟು. ಕಾಗದವನ್ನು ನಂಬುವ ಜಾತಿ ಅವನದಲ್ಲ. ಹಲ್ಲು ಎಣಿಸಿದ, ಹೊರಗಿನ ಅಡ್ಡಳತೆ ಹಿಡಿದ, ಆರೂಕಾಲು ಇಂಚು ಬಂತು. ಹಲ್ಲಿಗೆ ಎರಡು ಕೂಡಿಸಿದರೆ ಐವತ್ತು, ಅದನ್ನು ಆರೂಕಾಲರಿಂದ ಭಾಗಿಸಿದರೆ ಎಂಟು. ಕಾಗದ ಖರೇ ಹೇಳಿತ್ತು.

ಬಾಗಿಲ ಹಿಂದಿನ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತೈದು ಪಾಯಿಂಟ್ ನಾಲ್ಕನ್ನು ಎಂಟರಿಂದ ಭಾಗಿಸಿದ. ಮೂರು ಪಾಯಿಂಟ್ ಒಂದು ಏಳು ಐದು. ಕಟರುಗಳ ಪೆಟ್ಟಿಗೆ ತೆರೆದ. ಜರ್ಮನಿಯ ಕಟರುಗಳು, ಮೂರರದು ಇತ್ತು, ಮೂರೂಕಾಲಿನದು ಇತ್ತು, ನಡುವಿನದು ಇರಲಿಲ್ಲ. ಇರುವುದಾದರೂ ಹೇಗೆ? ವಿಲಾಯತಿಯವರ ಎಂಟಕ್ಕೆ ಜರ್ಮನಿಯವರ ಪೆಟ್ಟಿಗೆಯಲ್ಲಿ ಜಾಗವೇ ಇಲ್ಲ.

"ಎರಡೂ ಗಾಲಿ ಹೊಸಾದು ಕೊರಿಯೋಣು" ಎಂದ ಮೌಲಾಲಿ. "ಸಣ್ಣ ಗಾಲಿ ತೊಗೊಂಡ ಬಾ."

"ಎಲ್ಲಿಂದ ತರ್ಲಿ? ಹದಿನಾರು ಹಲ್ಲಿನ ಪಿನಿಯನ್ನು, ಶಾಫ್ಟಿನ ಮೈಯಾಗ ಕಡದದ್ದು. ಅಷ್ಟುದ್ದ ಉಕ್ಕು ಈಗ ಊರಾಗ ಯಾರ ಕಡೆ ಐತಿ? ಸೋಮವಾರ ಮುಂಜಾನೆ ಪಟ್ಟಿ ಓಡಲಿಲ್ಲ ಅಂದ್ರ ಗದಗಿನ ಫಿಟ್ಟರನ್ನ ಕರಸ್ತೇನಿ, ನೀ ಮನಿಗೆ ಹೋಗು ಅಂದಾನ ಮ್ಯಾನೇಜರ. ಹನ್ನೆರಡು ವರ್ಷದ ನೌಕರಿ, ಮೌಲಾಲಿ."

ಮೌಲಾಲಿ ಗಾಲಿಯನ್ನು ತಿರುಗಿಸಿ ನೋಡಿದ. ಪಿನಿಯನ್ನಿಗಿಂತ ಈ ಗಾಲಿ ಅಗಲ. ಅದಕ್ಕೇ ಹಲ್ಲುಗಳ ಒಂದು ಅಂಚು ಪಿನಿಯನ್ನು ಮುಟ್ಟದೆ ಹೊಚ್ಚಹೊಸದಾಗಿ ಉಳಿದಿತ್ತು. ಆ ಅಂಚಿಗೆ ಹಿಡಿದು ನೋಡುತ್ತ ಒಂದು ಹತಾರದ ಉಕ್ಕಿನ ತುಂಡನ್ನು ಕಾನಸಿನಿಂದ, ಅಂದರೆ ಅರದಿಂದ, ಉಜ್ಜಿ, ಎರಡು ಹಲ್ಲುಗಳ ನಡುವಿನ ಸಂದಿಯ ಅಚ್ಚಿಗೆ ತಂದು, ಕಾಯಿಸಿ ಗಟ್ಟಿ ಮಾಡಿದರೆ ಅದೇ ಒಂಟಿ ಹಲ್ಲಿನ ಕಟರು. ಆರೂಕಾಲು ಇಂಚಿನ ಮೈಗೆ ಅದರಿಂದ ಒಂದೊಂದೇ ಸಂದಿ ಕೊರೆದರೆ ಗಾಲಿ ಸರಿಯಾಗಿ ಬಂದೇ ಬರುತ್ತದೆ. ಉಸ್ತಾದ ಅದನ್ನೂ ಕಲಿಸಿದ್ದ. ಆದರೆ ಅದಕ್ಕೆ ಮೂರು ದಿನ ಬೇಕು. ಸೋಮವಾರಕ್ಕೆ ಇದ್ದದ್ದು ಒಂದೂವರೆ ದಿನ.

ಈ ಮಾತನ್ನು ಅವನು ಹುಲಗಪ್ಪನಿಗೆ ಹೇಳಲಿಲ್ಲ. ಹೇಳಿದರೆ ಗೆಳೆಯನ ಮುಖ ಇನ್ನಷ್ಟು ಬಾಡುತ್ತದೆ ಎಂದು ಸುಮ್ಮನಾದ. ಪ್ರೀತಿ ಎಂಬುದು ಕೆಲವು ಸಲ ಇಂಥ ದಡ್ಡ ಕೆಲಸ ಮಾಡಿಸುತ್ತದೆ. "ಮ್ಯಾಲಿನ ಬೇರಿಂಗು ಸರಸಾಕ ಬರತೈತೇನು?" ಎಂದಷ್ಟೇ ಕೇಳಿದ. ಬರುತ್ತದೆ, ಬೋಲ್ಟಿನ ತೂತು ಉದ್ದಕ್ಕಿವೆ ಎಂದ ಹುಲಗಪ್ಪ. "ಹಂಗಾರ ನಾಳೆ ಸಂಜಿಗೆ ಬಾ."

ರವಿವಾರ ಮೂರೂಕಾಲಿನ ಕಟರು ಹಾಕಿದ. ಉಸ್ತಾದನ ಮೊದಲ ಮಾತು ತಪ್ಪಲಿಲ್ಲ. ಐವತ್ತನ್ನು ಮೂರೂಕಾಲರಿಂದ ಗುಣಿಸಿ ನೂರಾ ಅರವತ್ತೆರಡೂವರೆ ಮಿಲಿಮೀಟರಿಗೆ ಮೈ ತಿರುವಿ, ನಲವತ್ತೆಂಟು ಹಲ್ಲು ಕೊರೆದ. ಗಾಲಿ ನೋಡಲು ಚಂದವೇ ಆಯಿತು. ಎರಡನೆಯ ಮಾತು ತಪ್ಪಿತ್ತು. ಹಳೆಯ ಪಿನಿಯನ್ನು ಇಂಚಿನದು, ಹೊಸ ಗಾಲಿ ಮಿಲಿಮೀಟರಿನದು. ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಹೆಚ್ಚುಕಡಿಮೆ ಕಾಲು ಮಿಲಿಮೀಟರಿನ ವ್ಯತ್ಯಾಸ. ಹೊಸ ಗಾಲಿ ತುಸು ದೊಡ್ಡದಾದ್ದರಿಂದ ಬೇರಿಂಗನ್ನು ಅರ್ಧ ಜೋಳದ ಕಾಳಿನಷ್ಟು ಸರಿಸಿದಾಗ ಎರಡೂ ಕೂಡಿದವು, ಕೈಯಿಂದ ತಿರುವಿದರೆ ತಿರುಗಿದವು. ಎಂಜಿನ್ನು ಹಾಕಿದಾಗ ಮಾತ್ರ ಗಾಲಿ ಕಟಕಟ ಎನ್ನತೊಡಗಿತು. ಪ್ರತಿ ಹಲ್ಲೂ ತನ್ನ ಜಾಗ ಸಿಗದೆ ಮುಂದಿನದಕ್ಕೆ ಬಡಿಯುತ್ತಿತ್ತು, ಇಡೀ ಭಾರವನ್ನು ಒಂದೇ ಹಲ್ಲು ಹೊರುತ್ತಿತ್ತು.

"ಸದ್ದು ಮಾಡತೈತಲ್ಲೋ?" ಎಂದ ಹುಲಗಪ್ಪ.

"ಎಣ್ಣಿ ಹಾಕ್ಕೋತ ಇರು. ಲಗೂನ ಇನ್ನೊಂದು ಮಾಡಿಕೊಡ್ತೇನಿ" ಎಂದ ಮೌಲಾಲಿ. ಆ ಇನ್ನೊಂದನ್ನು ಅವನು ಶುರುವೇ ಮಾಡಲಿಲ್ಲ. ಸುಗ್ಗಿಯ ಕೆಲಸ ಒಂದರ ಮೇಲೊಂದು ಬಿತ್ತು, ಗಾಲಿ ಹೇಗೋ ಓಡುತ್ತಿತ್ತು, ನಾಳೆ ನಾಳೆ ಎಂದು ಹತ್ತೊಂಬತ್ತು ದಿನ ಹೋದವು.

ಹುಲಗಪ್ಪ ಮಾತ್ರ ಗೆಳೆಯನ ಮಾತನ್ನು ಮಂತ್ರದಂತೆ ಪಾಲಿಸಿದ. ಸದ್ದು ಮಾಡುವ ಗಾಲಿಗೆ ತಾಸಿಗೊಮ್ಮೆ ಎಣ್ಣೆ. ಅದರ ಮೇಲಿನ ತಗಡಿನ ಮುಚ್ಚಳ ದಿನಕ್ಕೆ ಹತ್ತು ಸಲ ತೆಗೆದು ಹಾಕುವುದು ಯಾರಿಗೆ ಬೇಕೆಂದು ಅದನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದ. ಇಪ್ಪತ್ತನೆಯ ದಿನ, ಎಣ್ಣೆಯ ಅರಿವೆ ಹಿಡಿದು ಬಗ್ಗಿದಾಗ ಒಂದು ಹಲ್ಲು ಮುರಿಯಿತು, ಗಾಲಿ ಜಿಗಿಯಿತು, ಅರಿವೆ ಸಿಕ್ಕಿಕೊಂಡಿತು. ಅರಿವೆಯ ಹಿಂದೆ ಬಲಗೈಯ ನಾಲ್ಕು ಬೆರಳು ಹೋದವು.

ದವಾಖಾನೆಯ ಪಡಸಾಲೆಯಲ್ಲಿ ಹುಲಗಪ್ಪನ ಹೆಂಡತಿ ಯಂಕವ್ವ ಕುಂತಿದ್ದಳು. ಮೌಲಾಲಿಯನ್ನು ಕಂಡವಳೇ ಎದ್ದು, "ಅಣ್ಣಾ, ನೀ ಬಂದಿ, ಛಲೋ ಆತು ನೋಡು. ನಿನ್ನ ಬಿಟ್ರ ನಮಗ ಯಾರದಾರ?" ಎಂದು ಅತ್ತಳು. ಬೈದಿದ್ದರೆ ಅವನು ತಾಳಿಕೊಳ್ಳುತ್ತಿದ್ದ. ಇದನ್ನು ತಾಳಲಾಗದೆ ಹೊರಗೆ ಬಂದು ಬೇವಿನ ಗಿಡದ ಬುಡದಲ್ಲಿ ಕುಳಿತು ಗಳಗಳ ಅತ್ತ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ಮೌಲಾಲಿಗೆ ಬುದ್ಧಿ ಮಟ್ಟವಿರಲಿಲ್ಲ, ಎಲ್ಲ ತಿಳಿದಿತ್ತು. ಅದೇ ಅವನನ್ನು ಕೊರೆಯಿತು.

ಗಿರಣಿಯವರು ಗದಗಿನ ಫಿಟ್ಟರನ್ನು ಕರೆಸಿಯೇ ಕರೆಸಿದರು. ಅವನ ಕೈಯಲ್ಲೂ ಗಾಲಿ ಇರಲಿಲ್ಲ. ಮೌಲಾಲಿ ಯಾರೂ ಕೇಳುವ ಮೊದಲೇ ಹತಾರದ ಉಕ್ಕು ಹಿಡಿದು ಕುಳಿತ. ಮೊದಲ ದಿನ ಕಾನಸು. ಎರಡನೆಯ ದಿನ ಒಡೆದ ಹಳೆಯ ಗಾಲಿಯ ಸಂದಿಗೆ ಹಿಡಿದು ನೋಡಿ, ಬೆಳಕು ಎಲ್ಲಿ ಸೋರುತ್ತದೋ ಅಲ್ಲಿ ಉಜ್ಜಿ, ಕಾಯಿಸಿ, ಗಟ್ಟಿ ಮಾಡಿದ. ಮೂರನೆಯ ದಿನ ಆರೂಕಾಲು ಇಂಚಿನ ಮೈಗೆ ನಲವತ್ತೆಂಟು ಸಂದಿ. ತಾನೇ ಹೋಗಿ ಪಿನಿಯನ್ನಿನ ಹಲ್ಲುಗಳ ಒರಟನ್ನು ಎಣ್ಣೆಕಲ್ಲಿನಿಂದ ತೀಡಿ, ಬೇರಿಂಗನ್ನು ಹಳೆಯ ಗುರುತಿಗೆ ಸರಿಸಿ, ಗಾಲಿ ಕೂಡಿಸಿದ. ಎಂಜಿನ್ನು ಹಾಕಿದರು. ಪಟ್ಟೆ ಓಡಿತು. ಗಾಲಿ ತಿರುಗುತ್ತಿದೆಯೋ ಇಲ್ಲವೋ ಎಂದು ಕಣ್ಣಿಂದ ನೋಡಿಯೇ ತಿಳಿಯಬೇಕು, ಅಷ್ಟು ಮೆತ್ತಗೆ.

ಮುಂದಿನ ತಿಂಗಳು ನೌಕರಿಯ ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಹುಲಗಪ್ಪ ಗಿರಣಿಗೆ ಹೋದ. ಕೈಗೆ ಕಟ್ಟಿದ ಬಟ್ಟೆ ಇನ್ನೂ ಬಿಚ್ಚಿರಲಿಲ್ಲ, ಹಣ ಎಣಿಸಿಕೊಳ್ಳಲು ಜೊತೆಗೊಬ್ಬರು ಬೇಕೆಂದು ಮೌಲಾಲಿಯೇ ಹೋಗಿದ್ದ. ಕಚೇರಿಯಿಂದ ಹೊರಬಿದ್ದು ಹುಲಗಪ್ಪ ಅಭ್ಯಾಸಬಲದಿಂದ ಜಿನ್ನುಗಳ ಮನೆಗೆ ನಡೆದ. ಗಾಲಿಯ ಮುಂದೆ ನಿಂತು ತಲೆ ವಾರೆ ಮಾಡಿ ಬಹಳ ಹೊತ್ತು ಕೇಳಿದ. ಹನ್ನೆರಡು ವರ್ಷ ಮಷೀನುಗಳನ್ನು ಕಿವಿಯಿಂದಲೇ ನೋಡಿಕೊಂಡವನು.

"ಇದು ಯಾರು ಮಾಡಿದ್ದು?"

"ನಾನ."

"ಇದ ಹಳೇ ಪಿನಿಯನ್ನಿಗೇನು?"

"ಹೂಂ."

"ಮತ್ತ ಆಗ ಹಿಂಗ ಮಾಡಾಕ ಬರ್ತಿದ್ದಿಲ್ಲೇನು ನಿನಗ?"

ಸುಳ್ಳು ಹೇಳಬಹುದಿತ್ತು. ಬರುತ್ತಿರಲಿಲ್ಲ, ಆಮೇಲೆ ಕಲಿತೆ ಎಂದಿದ್ದರೆ ಹುಲಗಪ್ಪ ನಂಬುತ್ತಿದ್ದ.

"ಬರ್ತಿತ್ತು. ಮೂರು ದಿನ ಬೇಕಾಗಿತ್ತು. ನೀ ಸೋಮವಾರ ಅಂದಿ, ಅದಕ್ಕ ಹೇಳಲಿಲ್ಲ."

ಹುಲಗಪ್ಪ ಸಿಟ್ಟಾಗಲಿಲ್ಲ. ತನ್ನ ಬಟ್ಟೆ ಸುತ್ತಿದ ಕೈಯನ್ನು ಒಮ್ಮೆ ನೋಡಿಕೊಂಡು, ಓಡುತ್ತಿದ್ದ ಗಾಲಿಯನ್ನು ಇನ್ನೊಮ್ಮೆ ನೋಡಿ, ಎಂದಿನ ದನಿಯಲ್ಲೇ ಹೇಳಿದ.

"ಒಂದು ಮಾತು ಕೇಳಬೇಕಿತ್ತಲ್ಲೋ ನನ್ನ. ನೌಕರಿ ಹೋದರ ಹೋಗಲಿ, ಮೂರು ದಿನ ತೊಗೋ ಅಂತಿದ್ದೆ."