ಎಳೆದ ಕೈಗೇ ಫಲ

“ಶೆಡ್ಡಿನ್ಯಾಗಿನ ಹುಡುಗಿ ಡಿಗ್ರಿ ಮುಗಸೂದು ಆಗದ ಮಾತು” ಎಂದವರು ನನ್ನ ಸೋದರಮಾವ. ನಾವು ಬಾಗಲಕೋಟೆ ಕಡೆಯಿಂದ ಕರಾವಳಿಯ ಬನ್ನಂಜೆಗೆ ಕಟ್ಟಡದ ಕೆಲಸಕ್ಕೆ ಬಂದು ಕೂಲಿಕಾರರ ತಗಡಿನ ಶೆಡ್ಡಿನಲ್ಲಿದ್ದವರು. ಅಜ್ಜಿ ಮಾತ್ರ ಕಡಿಯಾಳಿಯ ರಸ್ತೆಬದಿಯಲ್ಲಿ ಕಾರ್ಡು ಹರವಿ ಭವಿಷ್ಯ ಹೇಳುತ್ತಿದ್ದಳು. ಕಾರ್ಡು ಎತ್ತಲು ಗಿಣಿ ಸಾಕಬಾರದೆಂದು ಕಾನೂನು ಉಂಟಲ್ಲ, ಹಾಗಾಗಿ ಕೇಳಲು ಬಂದವರೇ ಮಗುಚಿಟ್ಟ ಸಾಲಿನಿಂದ ಒಂದು ಕಾರ್ಡು ಎಳೆಯಬೇಕು. ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸಿ ದೇವರ ಚಿತ್ರ ನೋಡುವಳು. ಕೆಳಗಿನ ಅಕ್ಷರ ಅವಳಿಗೆ ಬಾರದು. “ಇದ್ದದ್ದು ಓದವಾ” ಎಂದು ನನಗೆ ಕೊಡುವಳು. ನಾನು ಓದಿದ ಮೇಲೆ ಫಲ ಬಿಡಿಸಿ ಹೇಳುವುದು ಅವಳೇ.

ನನ್ನ ಡಿಗ್ರಿಯ ಕೊನೆಯ ವರ್ಷ ಮಾವ ಗಂಡು ಗೊತ್ತುಮಾಡಿಕೊಂಡೇ ಬಂದರು. ಕಾಲೇಜು ಬಿಡಿಸಬೇಕೋ ಬೇಡವೋ ಕಾರ್ಡೇ ಹೇಳಲಿ ಎಂದು ತಾವೇ ಒಂದನ್ನು ಎಳೆದರು. ಶಿವಪಾರ್ವತಿಯರ ಮದುವೆಯ ಚಿತ್ರ ಬಂತು. ಮಾವನಿಗೂ ಓದಲು ಬಾರದು. ನಾನು ಸುಳ್ಳು ಹೇಳಬಹುದಿತ್ತು.

“ಇದ್ದದ್ದು ಓದವಾ” ಎಂದಳು ಅಜ್ಜಿ.

“ಶೀಘ್ರದಲ್ಲೇ ವಿವಾಹ ಕೂಡಿಬರುವುದು.” ಇದ್ದದ್ದನ್ನೇ ಓದಿದೆ.

“ಕೇಳಿದ್ಯಾ ಅವ್ವಾ?” ಎಂದರು ಮಾವ.

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು: “ಎಳದ ಕೈಗೇ ಫಲ. ಎಳದಾಂವ ನೀನು. ಮೂರು ಮಕ್ಕಳ ತಂದಿಗೆ ಮತ್ತೊಂದು ಮದುವಿ ಬಂದೈತಿ. ನಿನ್ನ ಹೆಂಡ್ತಿಗೆ ಫೋನ್ ಹಚ್ಚಲೇನು?”

“ಹಂಗಾದ್ರ ಈಕಿ ಎಳೀಲಿ.”

“ಒಂದು ಪ್ರಶ್ನೆಗೆ ಒಂದೇ ಕಾರ್ಡು.”

ಮಾವ ಆ ದಿನವೇ ಊರಿನ ಬಸ್ಸು ಹತ್ತಿದರು. ನಾನು ಪರೀಕ್ಷೆಗೆ ಕುಳಿತೆ, ಪಾಸಾದೆ.

ಪದವಿ ಪ್ರಮಾಣಪತ್ರವನ್ನು ಅಜ್ಜಿಯ ಎರಡೂ ಕೈಗಳಲ್ಲಿಟ್ಟೆ. ಅದರಲ್ಲಿ ದೇವರ ಚಿತ್ರ ಹುಡುಕಿದಳು.

“ಬರೇ ಅಕ್ಷರ. ಪೂರಾ ಓದು, ಗಟ್ಟಿಯಾಗಿ. ಇಡೀ ಶೆಡ್ಡಿಗೆ ಕೇಳಲಿ.”