ಒಂದೇ ಹೆಸರಿನ ಅಡ್ಮಿನ್

ಆಸ್ಪತ್ರೆಗಳಿಗೆ ಹೊಸ ಸಾಫ್ಟ್‌ವೇರ್ ಕಲಿಸುವುದು ನನ್ನ ಕೆಲಸ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಶಾಖೆಯಿದ್ದ ಒಂದು ಖಾಸಗಿ ಆಸ್ಪತ್ರೆಗೆ ಮೂರು ಹಂತದ ಕಾರ್ಯಾಗಾರ ಗೊತ್ತುಮಾಡಿದ್ದೆ: ಯಾದಗಿರಿಯಲ್ಲಿ ಪರಿಚಯ, ಶಹಾಪುರದಲ್ಲಿ ಅಭ್ಯಾಸ, ಸುರಪುರದಲ್ಲಿ ಹಳೆಯದನ್ನು ಮುಚ್ಚಿ ಹೊಸದನ್ನು ಶುರುಮಾಡುವುದು. ಹಂತಗಳ ನಡುವೆ ಹೋಮ್‌ವರ್ಕ್.

ಮೊದಲ ಹೋಮ್‌ವರ್ಕೇ ಪ್ರತಿ ಶಾಖೆಯಿಂದ ಇಬ್ಬರು ಅಡ್ಮಿನ್‌ಗಳ, ಅಂದರೆ ಮಾಹಿತಿ ಏರಿಸುವ ಅಧಿಕಾರವಿರುವವರ, ಹೆಸರು ಕೊಡುವುದು. ಸುರಪುರದವರು ಒಂದೇ ಹೆಸರು ಕಳಿಸಿದರು, ರೆಕಾರ್ಡ್ ರೂಮಿನ ಹಿರಿಯರದು. ಎರಡನೆಯದೆಲ್ಲಿ ಎಂದು ಫೋನಿನಲ್ಲಿ ರೇಗಿದೆ. ಅಲ್ಲಿನ ನೋಂದಣಿ ವಿಭಾಗದ ಹುಡುಗಿ, "ಹಿರೇರ ಬಾಜೂಕ ನಮ್ಮ ಹೆಸರು ಹ್ಯಾಂಗ ಬರೀಬೇಕ್ರಿ, ಅಕ್ಕಾರ?" ಅಂದಳು. ತಾರೀಖು ತಪ್ಪಬಾರದೆಂಬ ಅವಸರದಲ್ಲಿ, ಹಾಳಾಗಿ ಹೋಗಲಿ ಎಂದು 'ಪೂರ್ಣ' ಎಂದು ಗುರುತು ಹಾಕಿಬಿಟ್ಟೆ.

ಎರಡನೆಯ ಹೋಮ್‌ವರ್ಕ್, ಒಬ್ಬನೇ ರೋಗಿಯ ಹೆಸರು ಎರಡೆರಡು ಸಲ ಬಂದಿದ್ದರೆ ಒಂದನ್ನು ತೆಗೆದು, ರೋಗಿಗಳ ಪಟ್ಟಿಯನ್ನು ಅಡ್ಮಿನ್ ಕಡೆಯಿಂದ ಹೊಸ ಸಾಫ್ಟ್‌ವೇರಿಗೆ ಏರಿಸುವುದು. ಸುರಪುರದ ಪಟ್ಟಿ ಬರಲೇ ಇಲ್ಲ. ನಾನು ಫೋನು ಮಾಡಲಿಲ್ಲ. ದಿನಾ ಬೆಳಿಗ್ಗೆ ಅಡ್ಮಿನ್‌ನ ಮೊಬೈಲಿಗೆ ತಾನೇ ಹೋಗುವ ನೆನಪಿನ ಸಂದೇಶವೊಂದನ್ನು ಇಟ್ಟು ಸುಮ್ಮನಾದೆ.

ಮೂರನೇ ಹಂತದ ದಿನ ಸುರಪುರಕ್ಕೆ ಹೋದರೆ ರೆಕಾರ್ಡ್ ರೂಮಿನ ಕುರ್ಚಿ ಖಾಲಿ. ಹಿರಿಯರು ತೀರಿಕೊಂಡು ಹದಿನೈದು ದಿನವಾಗಿತ್ತು. ಹುಡುಗಿ ಪಟ್ಟಿ ಸಿದ್ಧಮಾಡಿಟ್ಟಿದ್ದಳು, ಏರಿಸಲು ಅವಳಿಗೆ ಅಧಿಕಾರವಿರಲಿಲ್ಲ. ಯಾದಗಿರಿಯ ಅಡ್ಮಿನ್‌ಗೂ ಈ ಶಾಖೆಯ ಖಾತೆ ತೆರೆಯುವುದಿಲ್ಲ, ಹಾಗೆ ಮಾಡಿಕೊಟ್ಟವರು ನಾವೇ. ನಮ್ಮ ಕಚೇರಿಯಿಂದ ಅಡ್ಮಿನ್ ಬದಲಿಸಲು ಮಾಲೀಕರ ಪತ್ರ ಬೇಕು, ನಾಲ್ಕು ದಿನ ಬೇಕು. ಹಳೆಯ ಸಾಫ್ಟ್‌ವೇರ್ ಪರವಾನಗಿ ಮುಗಿದು ಅಂದೇ ಸಂಜೆ ನಿಲ್ಲುವುದಿತ್ತು. ಮರುದಿನ ಬರುವ ರೋಗಿಗಳ ಹಿಂದಿನ ಚಿಕಿತ್ಸೆ ಯಾರಿಗೂ ಕಾಣುತ್ತಿರಲಿಲ್ಲ.

ಹಿರಿಯರ ಖಾತೆಯ ಪಾಸ್‌ವರ್ಡ್ ಬದಲಿಸಬಹುದಿತ್ತು, ಆದರೆ ಓಟಿಪಿ ಹೋಗುವುದು ಅವರ ಮೊಬೈಲಿಗೆ. ಬೇರೆಯವರ ಖಾತೆಯನ್ನು ಹಾಗೆ ತೆರೆಯುವುದು ನಿಯಮದ ಪ್ರಕಾರ ತಪ್ಪು. ಆದರೂ ಮಾಲೀಕರನ್ನು ಫೋನಿನಲ್ಲಿ ಒಪ್ಪಿಸಿ, ಸತ್ತವರ ನಂಬರು ಒತ್ತಿದೆ. ರಿಂಗಾಯಿತು.

ಎತ್ತಿದವರು ಅವರ ಹೆಂಡತಿ. ವಿಷಯ ಹೇಳಿದೆ. ಆಕೆ ಆರು ಅಂಕಿಗಳನ್ನು ಒಂದೊಂದಾಗಿ, ಎರಡು ಸಲ ಓದಿದರು. ಖಾತೆ ತೆರೆಯಿತು. ಹುಡುಗಿಯನ್ನೂ ಇನ್ನೊಬ್ಬ ನರ್ಸನ್ನೂ ಅಡ್ಮಿನ್ ಮಾಡಿದೆ, ಪಟ್ಟಿ ಏರಿತು, ಹಿರಿಯರ ಖಾತೆಯನ್ನು ನಿಷ್ಕ್ರಿಯಗೊಳಿಸಿದೆ. ಪರದೆಯ ಮೇಲೆ ಅವರ ಹೆಸರು ಬೂದು ಬಣ್ಣಕ್ಕೆ ತಿರುಗಿತು. ಹುಡುಗಿ ಅತ್ತ ನೋಡಲಿಲ್ಲ.

ಹಿರಿಯರ ಹೆಂಡತಿ ಇನ್ನೂ ಫೋನಿನಲ್ಲೇ ಇದ್ದರು. ಮೆಲ್ಲಗೆ ಕೇಳಿದರು: "ತಂಗಿ, ದಿನಾ ಮುಂಜಾನಿ ಮೆಸೇಜ್ ಬರತಿತ್ತು, ನಿಮ್ಮ ಹೋಮ್‌ವರ್ಕ್ ಬಾಕಿ ಐತಿ ಅಂತ. ಅವರು ಯಾವ ಕೆಲಸಾನೂ ಬಾಕಿ ಇಡಾವ್ರಲ್ಲ. ಅದಕ್ಕ ಫೋನ್ ಬಂದ್ ಮಾಡಿಲ್ಲ ನಾನು. ಈಗ ಮುಗೀತೇನು?"

ಆ ಸಂದೇಶದ ಪ್ರತಿ ಅಕ್ಷರ ಬರೆದವಳು ನಾನು.

"ಮುಗೀತ್ರೀ ಅಮ್ಮಾರ," ಅಂದೆ.

"ಹಂಗಾದ್ರ ಬಂದ್ ಮಾಡ್ತೀನಿ," ಅಂದರು. ಸಂಜೆ ಊರು ಬಿಡುವ ಮುಂಚೆ ಏಕೋ ಆ ನಂಬರಿಗೆ ಇನ್ನೊಮ್ಮೆ ಹಚ್ಚಿದೆ. ಫೋನು ಸ್ವಿಚ್ ಆಫ್ ಆಗಿತ್ತು.